ಕಾಫಿಗೆ ಮುಂಚಿನ ಮಾತ್ರೆ

ಶ್ರೀಗಂಧದ ಕಾವಲಿನ ನಮ್ಮ ಕ್ಲಿನಿಕ್ಕಿಗೆ ಬರುವ ಹಿರಿಯರನ್ನು "ಮಾತ್ರೆ ತಗೋತಿದ್ದೀರಾ?" ಅಂತ ಕೇಳಿದರೆ "ಹೂಂ ಡಾಕ್ಟ್ರೇ, ಒಂದಿನಾನೂ ತಪ್ಪಿಸಿಲ್ಲ" ಅನ್ನುತ್ತಾರೆ. ಬಹಳಷ್ಟು ಸಲ ಅದು ನಿಜವೇ. ಅದಕ್ಕೇ ನಾನು ಇನ್ನೊಂದು ಪ್ರಶ್ನೆ ಕೇಳ್ತೀನಿ: "ಯಾವುದರ ಜೊತೆ ತಗೋತೀರಿ?"

ಈ ವರ್ಷದ ಆರಂಭದಲ್ಲಿ 68 ವರ್ಷದ ಒಬ್ಬ ಅಮ್ಮ ಮಗನ ಜೊತೆ ಬಂದಿದ್ದರು. ಥೈರಾಯ್ಡ್‌ಗೆ 75 ಮೈಕ್ರೋಗ್ರಾಂ ಮಾತ್ರೆ ವರ್ಷಗಳಿಂದ ನಡೀತಿದೆ. ಆದರೂ ಸುಸ್ತು, ಮಲಬದ್ಧತೆ, ರಿಪೋರ್ಟಿನಲ್ಲಿ ಟಿಎಸ್‌ಎಚ್ 11. ಡೋಸ್ ಜಾಸ್ತಿ ಮಾಡಿ ಅಂತ ಮಗ. ಬೆಳಗ್ಗೆ ಎದ್ದಾಗಿನಿಂದ ಏನೇನು ಮಾಡ್ತೀರಿ ಹೇಳಿ ಅಂದೆ. ಆರಕ್ಕೆ ಏಳೋದು, ಫಿಲ್ಟರ್ ಕಾಫಿ, ಅದರ ಜೊತೆಗೇ ಥೈರಾಯ್ಡ್ ಮಾತ್ರೆ. "ಹೆಂಗೂ ತಗೋಬೇಕಲ್ಲಪ್ಪ" ಅಂತ ಕ್ಯಾಲ್ಸಿಯಂ ಮಾತ್ರೆಯೂ ಅದೇ ಗುಟುಕಿಗೆ.

ಸಿಕ್ಕಿತು ಕಾರಣ. ಕಾಫಿ ಆ ಮಾತ್ರೆಯನ್ನು ಕರುಳು ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತೆ. ಕ್ಯಾಲ್ಸಿಯಂ ಅದಕ್ಕೇ ಅಂಟಿಕೊಂಡು ಇನ್ನೂ ತಡೆಯುತ್ತೆ. ಕಬ್ಬಿಣದ ಮಾತ್ರೆಯೂ ಹಾಗೇ. ಈ ಸ್ಥಿತಿಯಲ್ಲಿ ಡೋಸ್ ಏರಿಸಿಬಿಟ್ಟರೆ, ಮುಂದೆ ಅಭ್ಯಾಸ ಸರಿಹೋದ ದಿನ ಔಷಧಿ ಹೆಚ್ಚಾಗುತ್ತೆ. ವಯಸ್ಸಾದವರಲ್ಲಿ ಹಾಗಾದರೆ ಎದೆಬಡಿತ ಏರುಪೇರಾಗಬಹುದು, ಮೂಳೆ ಸವೆಯಬಹುದು.

ಹಾಗಾಗಿ ಡೋಸ್ ಮುಟ್ಟಲಿಲ್ಲ, ಜಾಗ ಬದಲಾಯಿಸಿದೆವು. ಥೈರಾಯ್ಡ್ ಡಬ್ಬಿ ಅಡುಗೆಮನೆಯಿಂದ ಹಾಸಿಗೆ ಪಕ್ಕಕ್ಕೆ ಬಂತು, ಜೊತೆಗೊಂದು ಚೊಂಬು ನೀರು. ಆರಕ್ಕೆ ಎದ್ದ ಕೂಡಲೇ ಬರೀ ನೀರಲ್ಲಿ ಮಾತ್ರೆ. ಕಾಫಿ ಏಳಕ್ಕೆ. (ಈ ಒಂದು ಗಂಟೆಗೇ ಅಮ್ಮನ ದೊಡ್ಡ ತಕರಾರು! ಅರ್ಧ ಗಂಟೆಗಿಂತ ಕಡಿಮೆ ಮಾತ್ರ ಬೇಡ ಅಂದೆ.) ಎಂಟೂವರೆಗೆ ತಿಂಡಿ, ಆಮೇಲೆ ಬಿಪಿ ಮಾತ್ರೆ. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ಕನಿಷ್ಠ ನಾಲ್ಕು ಗಂಟೆ ಅಂತರ ಬೇಕು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಕಿಲ್ಲ, ಈ ಔಷಧಿ ಮೈಯಲ್ಲಿ ನಿಧಾನವಾಗಿ ಇಳಿಯುವಂಥದ್ದು. ಎಂಟು ವಾರ ಬಿಟ್ಟು ನೋಡಿದಾಗ, ಅದೇ 75ರಲ್ಲಿ ಟಿಎಸ್‌ಎಚ್ 3.9.

ಆಫೀಸಿಂದ ಫೋನ್ ಮಾಡಿ "ಮಾತ್ರೆ ತಗೊಂಡ್ಯಾಮ್ಮ?" ಅಂತ ಕೇಳುವವರಿಗೆ ಒಂದು ಮಾತು. ಭಾನುವಾರ ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸಿ ನೋಡಿ, ಒಂದು ಬೆಳಗ್ಗೆ ಪಕ್ಕದಲ್ಲೇ ಕೂತು ಏನು ಯಾವಾಗ ತಗೋತಾರೆ ಗಮನಿಸಿ. ಫೋನಲ್ಲಿ ಇದು ಗೊತ್ತಾಗಲ್ಲ.

ಒಂದೇ ಒಂದು ದಿನ ಮಾತ್ರ ಮುಂಚಿತವಾಗಿ ಕೇಳಲೇಬೇಕು: ಏಕಾದಶಿ. ಗ್ಲಿಮೆಪಿರೈಡ್ ಥರದ ಸಕ್ಕರೆ ಮಾತ್ರೆ ತಗೊಂಡು ಉಪವಾಸ ಮಾಡಿದರೆ ಸಕ್ಕರೆ ಅಂಶ ತೀರಾ ಇಳಿದುಬಿಡುತ್ತೆ. ಹಿಂದಿನ ದಿನವೇ ನಿಮ್ಮ ಡಾಕ್ಟರನ್ನು ಕೇಳಿ. ಬೆವರು, ಕೈನಡುಕ, ತಡವರಿಸುವ ಮಾತು ಕಂಡರೆ ಗ್ಲೂಕೋಮೀಟರ್ ಹುಡುಕುತ್ತಾ ಕೂರಬೇಡಿ. ನುಂಗುವಷ್ಟು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.