300 ವಾಟ್ ಪ್ಯಾನೆಲ್‌ನ ಅಸಲಿ ಲೆಕ್ಕ

ತೋಟದ ಮನೆಗೆಂದು ದೊಡ್ಡಪ್ಪ ಆನ್‌ಲೈನ್‌ನಲ್ಲಿ ಅಗ್ಗದ '300 ವಾಟ್' ಸೋಲಾರ್ ಪ್ಯಾನೆಲ್ ನೋಡಿಟ್ಟಿದ್ದರು. ನಾನು ಅದರ ಹಿಂಬದಿಯ ಲೇಬಲ್ ಫೋಟೊ ದೊಡ್ಡದು ಮಾಡಿ ನೋಡಿದೆ. ಗರಿಷ್ಠ ವಿದ್ಯುತ್ ಕೊಡುವಾಗಿನ ವೋಲ್ಟೇಜ್ (Vmp) 18, ಕರೆಂಟ್ (Imp) 5.56 ಆಂಪಿಯರ್ ಎಂದಿತ್ತು. ಗುಣಿಸಿದರೆ ಬರೀ 100 ವಾಟ್!

ಲೇಬಲ್‌ನಲ್ಲಿ ಏನು ಬೇಕಾದರೂ ಅಚ್ಚು ಹಾಕಬಹುದು, ಅಳತೆ ಸುಳ್ಳು ಹೇಳದು. ಪ್ಯಾನೆಲ್ 1 ಮೀಟರ್ ಉದ್ದ, 67 ಸೆಂ.ಮೀ. ಅಗಲವಿತ್ತು. ವಾಟ್ ನಿಗದಿಪಡಿಸುವ ಪರೀಕ್ಷೆಯಲ್ಲಿ ಚದರ ಮೀಟರಿಗೆ 1000 ವಾಟ್ ಬೆಳಕು ಬೀಳಿಸುತ್ತಾರೆ. ಇದರ ಮೇಲೆ ಬೀಳುವುದೇ 670 ವಾಟ್. ಅದರಲ್ಲಿ ಒಳ್ಳೆಯ ಸೆಲ್‌ಗಳೂ ಸುಮಾರು ಶೇ 22ರಷ್ಟನ್ನು ವಿದ್ಯುತ್ತಾಗಿಸಿದರೆ 150 ವಾಟ್ ಸಿಕ್ಕೀತು. ಸೆಲ್‌ಗಳ ನಡುವೆ ಖಾಲಿ ಜಾಗ ಹೆಚ್ಚಿದ್ದರೆ ಇನ್ನೂ ಕಡಿಮೆ.

ಜಂಕ್ಷನ್ ಬಾಕ್ಸ್ ಫೋಟೊದಲ್ಲಿ ಬೈಪಾಸ್ ಡಯೋಡೂ ಕಾಣಲಿಲ್ಲ. ಅದಿಲ್ಲದಿದ್ದರೆ ನೆರಳು ಬಿದ್ದ ಸೆಲ್ ಕಾದು ಹಾಳಾಗಬಹುದು.

ಕೊನೆಗೆ ಅಸಲಿ 100 ವಾಟ್ ಪ್ಯಾನೆಲ್‌ನ ಬೆಲೆ ವಿಚಾರಿಸಿದೆವು. ದೊಡ್ಡಪ್ಪ ನೋಡಿಟ್ಟಿದ್ದು ಅಗ್ಗವೇ ಆಗಿರಲಿಲ್ಲ.