ಮೊದಲ ಗುಳಗಿಗಿಂತ ಮೊದಲ ರಕ್ತ ಕೊಡ್ರಿ (ಟೈಫಾಯ್ಡ್, ಭಾಗ 3)

ಒಂದೇ ಮನಿ, ಒಂದೇ ನೀರು, ಇಬ್ಬರಿಗೆ ಜ್ವರ. ಒಬ್ಬನಿಗೆ ಯಾವ ರೋಗ ಅಂತ ಕೊನೆತನಕ ಖಾತ್ರಿ ಆಗಲಿಲ್ಲ. ಇನ್ನೊಬ್ಬಳಿಗೆ ಮೂರೇ ದಿನದಾಗ ಗೊತ್ತಾಯ್ತು. ವ್ಯತ್ಯಾಸ ಒಂದೇ: ರಕ್ತ ತೆಗೆದ ದಿನ.

ಕಮಲಾಪುರದಾಗಿರೋ ನಮ್ಮ ಅತ್ತಿ ಮಗನಿಗೆ ಮೊದಲ ಜ್ವರ ಬಂತು. ದಿನಾ ಸಂಜಿಗೆ ಸ್ವಲ್ಪ ಸ್ವಲ್ಪ ಏರ್ತಿತ್ತು, ತಲಿನೋವು, ಹೊಟ್ಟಿ ಕಟ್ಟಿತ್ತು. ಮೂರನೇ ದಿನ ಹತ್ತಿರದ ಒಂದು ದವಾಖಾನಿಯಲ್ಲಿ ಸಿಪ್ರೊಫ್ಲಾಕ್ಸಾಸಿನ್ ಗುಳಗಿ ಕೊಟ್ರು. ಇಳೀಲಿಲ್ಲ. ಆರನೇ ದಿನ ವಿಡಾಲ್ ಟೆಸ್ಟ್ "ಪಾಸಿಟಿವ್" ಬಂತು, ಗುಳಗಿ ಬದಲಾಯ್ತು. ಒಂಬತ್ತನೇ ದಿನ 103 ಡಿಗ್ರಿ ಜ್ವರದಾಗ ಕಲಬುರಗಿಗೆ ಕರ್ಕೊಂಡು ಬಂದ್ರು. ಅಲ್ಲಿ ಬ್ಲಡ್ ಕಲ್ಚರ್ ಮಾಡಿದ್ರು. ಐದು ದಿನ ಕಾದ ಮೇಲೆ ರಿಪೋರ್ಟ್: ಏನೂ ಬೆಳೆದಿಲ್ಲ.

ಅತ್ತಿ ಅಂದ್ರು, "ಹಂಗಾದ್ರ ಟೈಫಾಯ್ಡ್ ಇಲ್ಲ ಅಲ್ಲೇನು?" ತಪ್ಪು ಆಗೋದು ಇಲ್ಲೇ ನೋಡ್ರಿ.

ಕಲ್ಚರ್ ಅಂದ್ರ ರಕ್ತವನ್ನು ಪೋಷಕ ದ್ರವ ಇರೋ ಬಾಟಲಿಗೆ ಹಾಕಿ, ಅದರಾಗಿನ ಜೀವಂತ ಬ್ಯಾಕ್ಟೀರಿಯಾ ಬೆಳೆಸೋದು. ಟೈಫಾಯ್ಡ್ ತರೋ ಸಾಲ್ಮೊನೆಲ್ಲಾ ಟೈಫಿ ರಕ್ತದಾಗ ಬಹಳ ಕಡಿಮೆ ಇರ್ತದ. ಎಷ್ಟೋ ಸಲ ಒಂದು ಎಂಎಲ್‌ಗೆ ಒಂದೂ ಸಿಗಲ್ಲ. ಅದಕ್ಕೇ ದೊಡ್ಡವರಿಗೆ 8-10 ಎಂಎಲ್ ರಕ್ತ ಬೇಕು, ಎರಡು ಎಂಎಲ್ ಸಾಲದು. ರಕ್ತದಾಗ ಅವು ಹೆಚ್ಚು ಸಿಗೋದು ಮೊದಲ ವಾರ. ಆಮೇಲೆ ಕಡಿಮೆ ಆಗ್ತಾ ಹೋಗ್ತವ, ಎಲುಬಿನ ಮಜ್ಜೆಯಂಥ ಕಡೆ ಉಳೀತಾವ. ಮ್ಯಾಲಿಂದ ಎರಡು ಥರ ಆಂಟಿಬಯೋಟಿಕ್ ಒಳಗ ಹೋಗಿದ್ರ, ಇರೋ ನಾಲ್ಕು ಬ್ಯಾಕ್ಟೀರಿಯಾನೂ ಬಾಟಲಿಯಾಗ ಬೆಳೆಯೋದು ಕಷ್ಟ. ಅವನ ರಿಪೋರ್ಟ್ ರೋಗ ಇಲ್ಲ ಅಂತ ಹೇಳ್ತಿರಲಿಲ್ಲ, "ತಡವಾಗಿ ಕೇಳಿದ್ರಿ" ಅಂತ ಹೇಳ್ತಿತ್ತು.

ವಿಡಾಲ್ ಪಾಸಿಟಿವ್ ಬಂದಿತ್ತಲ್ಲ ಅಂತೀರಿ. ಅದು 1896ರ ಟೆಸ್ಟ್. ಬ್ಯಾಕ್ಟೀರಿಯಾ ಹುಡುಕಲ್ಲ, ದೇಹ ಅದರ ವಿರುದ್ಧ ಮಾಡಿದ ಪ್ರತಿಕಾಯ ಅಷ್ಟೇ ನೋಡ್ತದ. ಹಿಂದೆ ಎಂದೋ ಟೈಫಾಯ್ಡ್ ಆಗಿದ್ರೂ, ಬೇರೆ ಸೋಂಕು ಇದ್ರೂ ಪಾಸಿಟಿವ್ ಬರಬಹುದು. ಮೊದಲ ವಾರದಾಗ ನಿಜವಾದ ಟೈಫಾಯ್ಡ್ ಇದ್ರೂ ನೆಗೆಟಿವ್ ಬರಬಹುದು. ಎಲ್ಲಕ್ಕಿಂತ ಮುಖ್ಯ, ಯಾವ ಔಷಧಿ ಕೆಲಸ ಮಾಡ್ತದ ಅಂತ ಅದು ಹೇಳೋದೇ ಇಲ್ಲ.

ಹತ್ತು ದಿನದ ಮೇಲೆ ಅವನ ತಂಗಿಗೆ ಜ್ವರ. ಈ ಸಲ ಅತ್ತಿ ಮೂರನೇ ದಿನವೇ, ಪ್ಯಾರಾಸಿಟಮಾಲ್ ಬಿಟ್ಟು ಏನೂ ಕೊಡದೆ, ಕಲಬುರಗಿಗೆ ಕರ್ಕೊಂಡು ಬಂದ್ರು. ಡಾಕ್ಟರ್ ಮೊದಲ ಕಲ್ಚರ್‌ಗೆ ರಕ್ತ ತೆಗೆಸಿ, ಅವತ್ತೇ ಅಜಿತ್ರೊಮೈಸಿನ್ ಶುರು ಮಾಡಿದ್ರು. ಮೂರನೇ ದಿನ ರಿಪೋರ್ಟ್: ಸಾಲ್ಮೊನೆಲ್ಲಾ ಟೈಫಿ. ಸಿಪ್ರೊಫ್ಲಾಕ್ಸಾಸಿನ್ ಮುಂದೆ R, ಅಂದ್ರ ಕೆಲಸ ಮಾಡಲ್ಲ. ಅಜಿತ್ರೊಮೈಸಿನ್, ಸೆಫ್ಟ್ರಿಯಾಕ್ಸೋನ್ ಮುಂದೆ S, ಅಂದ್ರ ಮಾಡ್ತದ. ಅಣ್ಣನ ಜ್ವರ ಮೊದಲ ಗುಳಗಿಗೆ ಯಾಕೆ ಇಳೀಲಿಲ್ಲ ಅನ್ನೋದಕ್ಕೂ ಸುಳಿವು ತಂಗಿಯ ರಿಪೋರ್ಟ್‌ನಾಗೇ ಸಿಕ್ಕಿತು. ಆಕಿ ಗುಳಗಿಯಲ್ಲೇ ಮನಿಯಾಗ ಗುಣ ಆದ್ಲು. ಅವನಿಗೆ ಮಾತ್ರ ಅಂದಾಜಿನ ಮೇಲೆ ಹತ್ತು ದಿನ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಬೆಡ್ ಚಾರ್ಜ್ ಬೇರೆ.

"ಹಂಗಾದ್ರ ಎಲ್ಲರಿಗೂ ಮೊದಲೇ ಸ್ಟ್ರಾಂಗ್ ಇಂಜೆಕ್ಷನ್ ಕೊಡಲಿ" ಅಂತ ಮಾವ ಅಂದ್ರು. ನಾನು ಒಪ್ಪಲ್ಲ. ಸಿಪ್ರೊಫ್ಲಾಕ್ಸಾಸಿನ್ ಕೂಡ ಒಂದು ಕಾಲಕ್ಕೆ ಸ್ಟ್ರಾಂಗೇ ಆಗಿತ್ತು, ಕಂಡ ಕಂಡ ಜ್ವರಕ್ಕೆ ಕೊಟ್ಟು ಕೊಟ್ಟು ಈಗ ನಮ್ಮ ದೇಶದ ಟೈಫಾಯ್ಡ್‌ಗೆ ಅದನ್ನ ನಂಬೋ ಹಂಗಿಲ್ಲ. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯ್ಡ್ ಹಬ್ಬಿತು. ಅಲ್ಲಿ ಉಳಿದ ಗುಳಗಿ ಅಜಿತ್ರೊಮೈಸಿನ್ ಒಂದೇ ಅನ್ನೋ ಹಂಗಾಯ್ತು. ಅದನ್ನೂ ನಾವು ನೆಗಡಿಗೆಲ್ಲ ನುಂಗ್ತೀವಿ.

ಇನ್ನೊಂದು ಮಾತು. ಸರಿಯಾದ ಔಷಧಿ ಕೊಟ್ರೂ ಟೈಫಾಯ್ಡ್ ಜ್ವರ ಇಳಿಯಾಕ ನಾಲ್ಕೈದು ದಿನ ಬೇಕು. ಎರಡನೇ ದಿನಕ್ಕೇ "ಇದು ಹಿಡೀತಿಲ್ಲ" ಅಂತ ಡಾಕ್ಟರ್ ಬದಲಾಯಿಸಬ್ಯಾಡ್ರಿ. ಜ್ವರ ಇಳೀತು ಅಂತ ಕೋರ್ಸ್ ಅರ್ಧಕ್ಕೆ ಬಿಡಬ್ಯಾಡ್ರಿ.

ಕಲ್ಚರ್‌ಗೂ ಮಿತಿ ಅದ. ಸರಿಯಾದ ಟೈಮಿಗೆ ಮಾಡಿದ್ರೂ ಹತ್ತರಾಗ ನಾಲ್ಕು ಕೇಸ್ ತಪ್ಪಿಸಿಕೊಳ್ಳಬಹುದು. ರಿಪೋರ್ಟ್ ಬರೋತನಕ ಔಷಧಿ ತಡೀಬೇಕು ಅಂತಲ್ಲ. ರಕ್ತ ತೆಗೆಯೋದು ಐದು ನಿಮಿಷದ ಕೆಲಸ, ಆಮೇಲೆ ತಕ್ಷಣ ಶುರು ಮಾಡಬಹುದು. ಮೂರನೇ ವಾರಕ್ಕೆ ಹೋದ್ರ ಕರುಳಿನಾಗ ರಕ್ತಸ್ರಾವ ಆಗಬಹುದು, ತೂತೂ ಬೀಳಬಹುದು. ಜೋರು ಹೊಟ್ಟಿನೋವು, ಕಪ್ಪು ಮಲ, ಮಂಕು ಕಂಡ್ರ ಸೀದಾ ದೊಡ್ಡ ದವಾಖಾನಿಗೆ ಹೋಗ್ರಿ.

ನಾನು ಬಿಕಾಂ ಓದೋದು, ಡೋಸ್ ಹೇಳಲ್ಲ, ಅದು ಡಾಕ್ಟರ್ ಕೆಲಸ. ನನ್ನ ವಾದ ಇಷ್ಟೇ: ಮೂರು ದಿನ ಜ್ವರ ಇಳೀದಿದ್ರ, ಆಂಟಿಬಯೋಟಿಕ್ ಚೀಟಿ ಕೈಗೆ ಬರೋ ಮುಂಚೆ "ಸರ್, ಮೊದಲ ಕಲ್ಚರ್‌ಗೆ ರಕ್ತ ತೆಗೀಬೇಕೇನ್ರಿ?" ಅಂತ ಕೇಳ್ರಿ. ಕಮಲಾಪುರದಾಗ ಕಲ್ಚರ್ ಸಿಗಲಿಲ್ಲ ಅಂದ್ರ ಅವತ್ತೇ ಕಲಬುರಗಿ ಬಸ್ ಹತ್ರಿ, ಒಂಬತ್ತನೇ ದಿನ ಅಲ್ಲ.

ನಿಮ್ಮ ಮನಿಯಾಗ ವಿಡಾಲ್ ನೋಡಿ ಔಷಧಿ ಶುರು ಮಾಡಿದ್ದು ಉಂಟೇನು? ಕಾಮೆಂಟ್ ಮಾಡ್ರಿ. ಮುಂದಿನ ಭಾಗ ನೀರಿನ ಬಗ್ಗೆ.

#ಟೈಫಾಯ್ಡ್ #ಕಲಬುರಗಿ #ಕಮಲಾಪುರ