‘ಶಾಕ್ ಆಗ್ತೀರಾ’ ಅಂತ ಬರೆಯೋದು ಬಿಡಿ, ‘ಬೋರ್ಡೋ’ ಅಂತ ಬರೀರಿ

ಕಳೆದ ಮಳೆಗಾಲದ ಹೊತ್ತಿಗೆ ನಮ್ಮೂರಿನ ಒಬ್ಬ ಹುಡುಗ ಒಂದು ಒಳ್ಳೆಯ ಕ್ಲಿಪ್ ಮಾಡಿದ್ದ. ಅಡಿಕೆಗೆ ಹೊಡೆಯುವ ಬೋರ್ಡೋ ಸರಿಯಾಗಿದೆಯೋ ಇಲ್ಲವೋ ಎಂದು ಒಂದು ಕತ್ತಿಯಿಂದ ನೋಡಿಕೊಳ್ಳುವ ಬಗೆ ಅದರಲ್ಲಿತ್ತು. 50 ಸೆಕೆಂಡಿನ ಆ ಕ್ಲಿಪ್‌ನ ಕ್ಯಾಪ್ಷನ್ ಶುರುವಾಗಿದ್ದು ಹೀಗೆ: ‘ನಮಸ್ಕಾರ ಸ್ನೇಹಿತರೇ, ಈ ರೈತ ಮಾಡಿದ ಕೆಲಸ ನೋಡಿದ್ರೆ ನೀವು ಶಾಕ್ ಆಗ್ತೀರಾ!’

ಜುಲೈನಲ್ಲಿ ನಮ್ಮ ಚಿಕ್ಕಪ್ಪ ಡ್ರಮ್ಮಿನ ಮುಂದೆ ನಿಂತು ಅದೇ ಕ್ಲಿಪ್ ಹುಡುಕಿದರು. ಮೊದಲು ಒಮ್ಮೆ ನೋಡಿದ್ದ ನೆನಪಿತ್ತು. ‘ಬೋರ್ಡೋ’ ಎಂದು ಹುಡುಕಿದರೆ ಬೇರೆಯವರದ್ದೆಲ್ಲ ಬಂತು, ಅದು ಬರಲಿಲ್ಲ. ಬರುವುದಾದರೂ ಹೇಗೆ? ಇಡೀ ಕ್ಯಾಪ್ಷನ್‌ನಲ್ಲಿ ಬೋರ್ಡೋ ಎಂಬ ಪದವೇ ಇರಲಿಲ್ಲ.

ಇದು ಆ ಹುಡುಗನೊಬ್ಬನ ತಪ್ಪಲ್ಲ. ನಮ್ಮ ಕ್ಲಾಸಿನಲ್ಲಿ ಕಲಿತು ಬಂದವರೂ ಹಾಗೇ ಬರೆಯುತ್ತಿದ್ದೇವೆ. ಕೇಳಿದರೆ ಒಂದೇ ಉತ್ತರ: ‘ವಿಷಯ ಮುಚ್ಚಿಟ್ರೆ ತಾನೇ ಜನ ನೋಡೋದು?’

ಈ ವಾದವೇ ತಪ್ಪು. ಮುಚ್ಚಿಡುವ ಸಾಲು ಹುಟ್ಟಿದ್ದು ಬೇರೆ ಜಾಗಕ್ಕೆ. ವೆಬ್‌ಸೈಟಿನ ಸುದ್ದಿಯಲ್ಲಿ ಜನ ಮೊದಲು ಸಾಲು ಓದುತ್ತಾರೆ, ಆಮೇಲೆ ಒತ್ತಿ ಒಳಗೆ ಹೋಗುತ್ತಾರೆ. ಅಲ್ಲಿ ಕುತೂಹಲ ಬಾಗಿಲು ತೆಗೆಸುತ್ತದೆ. ರೀಲ್ಸ್‌ನಲ್ಲಿ, ಶಾರ್ಟ್ಸ್‌ನಲ್ಲಿ ಬಾಗಿಲೇ ಇಲ್ಲ. ಬೆರಳು ಮೇಲೆ ತಳ್ಳಿದ ಕೂಡಲೇ ಕ್ಲಿಪ್ ಓಡುತ್ತಿರುತ್ತದೆ, ಕಣ್ಣು ಕೆಳಗಿನ ಸಾಲಿಗೆ ಹೋಗುವುದು ಆಮೇಲೆ. ಅಲ್ಲಿ ಆ ಸಾಲಿನ ಕೆಲಸ ಬೆರಳನ್ನು ನಿಲ್ಲಿಸುವುದು. ‘ಇದು ನನ್ನ ತೋಟದ ಮಾತು’ ಎಂದು ಗೊತ್ತಾದರೆ ಬೆರಳು ನಿಲ್ಲುತ್ತದೆ. ‘ಶಾಕ್ ಆಗ್ತೀರಾ’ ಎಂದರೆ ಯಾರ ತೋಟದ ಮಾತೂ ಅಲ್ಲ.

ಜಾಗವೂ ಎಷ್ಟಿದೆ ನೋಡಿ. ಕ್ಯಾಪ್ಷನ್ನಿನಲ್ಲಿ ಇನ್‌ಸ್ಟಾಗ್ರಾಂ 2,200 ಅಕ್ಷರ ಬಿಡುತ್ತದೆ, ಆದರೆ ರೀಲ್ ಓಡುವಾಗ ಕೆಳಗೆ ಕಾಣುವುದು ಒಂದು ತುಂಡು ಸಾಲು, ಉಳಿದದ್ದು ಒತ್ತಿದರೆ ಮಾತ್ರ. ಯೂಟ್ಯೂಬ್ ಶಾರ್ಟ್ಸ್‌ನ ಶೀರ್ಷಿಕೆಗೆ 100 ಅಕ್ಷರದ ಮಿತಿ, ಅದರಲ್ಲೂ ಕೊನೆಯ ಭಾಗ ಪರದೆಯಲ್ಲಿ ಮರೆಯಾಗುತ್ತದೆ. ಕನ್ನಡಕ್ಕೆ ಇನ್ನೂ ಇಕ್ಕಟ್ಟು. ನಮಗೆ ‘ಕ್ಷ’ ಒಂದೇ ಅಕ್ಷರ, ಕಂಪ್ಯೂಟರಿಗೆ ಅದು ಮೂರು. ಇಷ್ಟು ಕಿರಿದಾದ ಜಾಗದಲ್ಲಿ ‘ನಮಸ್ಕಾರ ಸ್ನೇಹಿತರೇ’ ಎಂದು ಬರೆಯುವುದು, ಬಸ್ಸಿನಲ್ಲಿ ಖಾಲಿ ಇರುವ ಒಂದೇ ಸೀಟಿನ ಮೇಲೆ ಟವೆಲ್ ಹಾಕಿ ಇಳಿದು ಹೋದ ಹಾಗೆ.

ಹುಡುಕಾಟದ ಮಾತಿಗೆ ಬರೋಣ. ಹುಡುಕುವವರಿಗೆ ಸಿಗಬೇಕಾದರೆ ಪದಗಳು ಕಾಮೆಂಟಿನಲ್ಲಲ್ಲ, ಕ್ಯಾಪ್ಷನ್ನಿನಲ್ಲೇ ಇರಲಿ ಎಂದು ಇನ್‌ಸ್ಟಾಗ್ರಾಂ 2021ರಲ್ಲೇ ಹೇಳಿದೆ. ಇದನ್ನು ಕೇಳಿ ಕೆಲವರು ಇನ್ನೊಂದು ಅತಿಗೆ ಹೋಗುತ್ತಾರೆ: ‘ಅಡಿಕೆ ಕೃಷಿ ರೈತ ಮಲೆನಾಡು ಕೊಳೆರೋಗ ಬೋರ್ಡೋ ಔಷಧಿ’. ಇದು ಸಾಲಲ್ಲ, ಅಂಗಡಿಯ ಚೀಟಿ. ಓದಿದವನಿಗೆ ಇದರಲ್ಲಿ ನಿಲ್ಲುವ ಕಾರಣ ಸಿಗುವುದಿಲ್ಲ. ಒಂದು ಕ್ಲಿಪ್, ಒಂದು ಮಾತು. ಅದಕ್ಕೆ ಒಂದೇ ಪದ ಸಾಕು.

ಯಾವ ಪದ? ಆ ಹುಡುಗನ ಜತೆ ಕೂತು ಸಾಲು ತಿದ್ದುವಾಗ ನಾವು ಅತಿ ಹೆಚ್ಚು ಜಗಳವಾಡಿದ್ದು ಇಲ್ಲೇ. ಅವನು ‘ಕೊಳೆರೋಗ’ ಇರಲಿ ಎಂದ, ಬೋರ್ಡೋ ಹೊಡೆಯುವುದೇ ಅದಕ್ಕಾಗಿ ತಾನೇ ಎಂದು. ಆದರೆ ಕೊಳೆರೋಗ ಎಂದು ಹುಡುಕುವವನ ತೋಟದಲ್ಲಿ ಕಾಯಿ ಆಗಲೇ ಉದುರುತ್ತಿರಬಹುದು, ಅವನಿಗೆ ಬೇಕಾದ್ದು ಬೇರೆ. ಕೆಲವು ಕಡೆ ಅದನ್ನು ಮಹಾಳಿ ಎನ್ನುತ್ತಾರೆ, ಅವರು ಹುಡುಕುವುದೂ ಹಾಗೆಯೇ. ನಮ್ಮ ಕ್ಲಿಪ್ ಬೇಕಾದವನು ಡ್ರಮ್ಮಿನ ಮುಂದೆ ನಿಂತವನು, ಅವನ ಬಾಯಲ್ಲಿರುವುದು ಬೋರ್ಡೋ. ಗೊಬ್ಬರದ ಅಂಗಡಿಯಲ್ಲಿ ಜನ ಏನೆಂದು ಕೇಳುತ್ತಾರೋ ಅದೇ ಪದ. ಅನುಮಾನವಿದ್ದರೆ ಯೂಟ್ಯೂಬ್ ಹುಡುಕುವ ಪೆಟ್ಟಿಗೆಯಲ್ಲಿ ‘ಬೋ’ ‘ಬೋರ್’ ಎಂದು ನಿಧಾನ ಟೈಪ್ ಮಾಡಿ, ಕೆಳಗೆ ಏನೇನು ತೋರಿಸುತ್ತದೆ ನೋಡಿ. ಜನ ಹುಡುಕುವ ರೂಪ ಅಲ್ಲಿ ಎದ್ದು ಬರುತ್ತದೆ.

ಮುಂದಿನ ತೊಡಕು ಕನ್ನಡದ್ದೇ. ಹುಡುಗ ಬರೆದ ಹೊಸ ಸಾಲು: ‘ಬೋರ್ಡೋದಲ್ಲಿ ಅದ್ದಿದ ಕತ್ತಿ ಕೆಂಪಾಯ್ತಾ? ಹೊಡೀಬೇಡಿ.’ ಸಾಲು ಚೆನ್ನಾಗಿದೆ. ಆದರೆ ಕನ್ನಡದಲ್ಲಿ ಪದದ ಬಾಲಕ್ಕೆ ಏನಾದರೂ ಅಂಟಿಕೊಳ್ಳುತ್ತದೆ: ಬೋರ್ಡೋಗೆ, ಬೋರ್ಡೋವನ್ನು, ಬೋರ್ಡೋದಲ್ಲಿ. ಹುಡುಕುವವನು ಟೈಪ್ ಮಾಡುವುದು ಬರೀ ‘ಬೋರ್ಡೋ’. ಬಾಲ ಬಿಡಿಸಿ ಓದುವ ಕೆಲಸವನ್ನು ಫೋನಿನ ಮರ್ಜಿಗೆ ಬಿಡುವುದೇಕೆ? ಪದವನ್ನು ಬಿಡಿಯಾಗಿ ಮುಂದಿಟ್ಟು ಎರಡು ಚುಕ್ಕೆ ಹಾಕಿದರೆ ಮುಗಿಯಿತು:

‘ಬೋರ್ಡೋ: ಅದ್ದಿದ ಕತ್ತಿ ಕೆಂಪಾಯ್ತಾ? ಹೊಡೀಬೇಡಿ’

ಹುಡುಕಿದವನಿಗೂ ಸಿಗುತ್ತದೆ, ಸುಮ್ಮನೆ ಬೆರಳು ತಳ್ಳುತ್ತಿದ್ದವನಿಗೂ ಕುಟುಕುತ್ತದೆ. ಕತ್ತಿ ಯಾಕೆ ಕೆಂಪಾಗುತ್ತದೆ, ಹೊಡೆದರೆ ಏನಾಗುತ್ತದೆ ಎಂಬ ಪ್ರಶ್ನೆ ಉಳಿಯಿತಲ್ಲ, ಕುತೂಹಲ ಅಂದರೆ ಅದೇ. ಏನನ್ನೂ ಮುಚ್ಚಿಟ್ಟಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರೂ ಇದ್ದಾರೆ, ಅವರಿಗಾಗಿ bordo ಎಂದು ಎರಡನೇ ಸಾಲಿನಲ್ಲಿ ಬರೆದೆವು. ಮೊದಲ ಸಾಲಿಗೆ ಅದನ್ನು ತುರುಕಿದರೆ ಕತ್ತಿಯೇ ಮರೆಯಾಗುತ್ತದೆ.

ಸಾಲು ಕೊಟ್ಟ ಮಾತನ್ನು ಕ್ಲಿಪ್ ಉಳಿಸಿಕೊಳ್ಳಬೇಕು. ಹಳೆಯ ಕ್ಲಿಪ್‌ನಲ್ಲಿ ಕತ್ತಿ ಕಾಣುತ್ತಿದ್ದುದು 41ನೇ ಸೆಕೆಂಡಿಗೆ. ಅಲ್ಲಿಯವರೆಗೆ ಯಾರು ಕಾಯುತ್ತಾರೆ? ಕೆಂಪಾದ ಕತ್ತಿಯ ಶಾಟ್ ಕತ್ತರಿಸಿ ಮೊದಲಿಗೇ ಇಟ್ಟು ಮತ್ತೆ ಹಾಕಿಸಿದೆವು. ಉಳಿದದ್ದು ಆಮೇಲೆ ಬಂತು: 1 ಕೆಜಿ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣ ಬೇರೆ 50 ಲೀಟರಿನಲ್ಲಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕುವುದು. ಆಮೇಲೆ ಶುಭ್ರವಾದ ಕಬ್ಬಿಣದ ಕತ್ತಿ ಅದ್ದುವುದು. ಕೆಂಪು ಕೂತರೆ ಅದು ತಾಮ್ರ, ದ್ರಾವಣ ಹುಳಿಯಾಗಿದೆ ಎಂದರ್ಥ. ಹಾಗೇ ಹೊಡೆದರೆ ಎಳೆ ಕಾಯಿ ಸುಟ್ಟ ಹಾಗಾಗುತ್ತದೆ. ಕೆಂಪು ಕೂರದ ತನಕ ಸುಣ್ಣದ ತಿಳಿ ಸೇರಿಸುತ್ತ ಹೋಗಬೇಕು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ‘ಶಾಕ್’ ಎಂದು ಬರೆದ ಕ್ಲಿಪ್‌ಗೆ ಮೊದಲ ದಿನ ಹೆಚ್ಚು ವ್ಯೂ ಬರಬಹುದು, ಬೋರ್ಡೋ ಎಂದರೆ ಅಡಿಕೆ ಬೆಳೆಯದವನು ನಿಲ್ಲುವುದಿಲ್ಲ. ನಿಲ್ಲದಿರಲಿ. ಅವನು ನಿಂತು ನಮಗೆ ಆಗಬೇಕಾದ್ದೇನು? ಬರೀ ವ್ಯೂ ಎಣಿಸುವವರಿಗೆ ಈ ಬರಹ ಅಲ್ಲ. ಆದರೆ ರೈತನ ಹೆಸರು ಹೇಳಿ ಚಾನೆಲ್ ನಡೆಸುತ್ತ, ರೈತ ಹುಡುಕಿದಾಗ ಸಿಗದ ಹಾಗೆ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದರಲ್ಲಿ ನಮ್ಮ ಗುಂಪಿನ ಹಳೆಯ ಕ್ಲಿಪ್‌ಗಳೂ ಸೇರಿವೆ, ನನ್ನವೂ.

ಅವನ್ನು ಅಳಿಸಬೇಕಿಲ್ಲ. ಇನ್‌ಸ್ಟಾಗ್ರಾಂ ಕ್ಯಾಪ್ಷನ್, ಯೂಟ್ಯೂಬ್ ಶೀರ್ಷಿಕೆ ಎರಡನ್ನೂ ಹಾಕಿದ ಮೇಲೂ ತಿದ್ದಬಹುದು. ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲೇ ಕೂತು ತಿದ್ದಿ. ಮೊದಲ ಸುತ್ತಿನ ಬೋರ್ಡೋ ಹೊಡೆಯುವುದು ಆ ಹೊತ್ತಿಗೇ.